ದೂರದಲ್ಲಿರುವ ಸಂಗಾತಿಗೆ ನಡುರಾತ್ರಿಯ ಹುಟ್ಟುಹಬ್ಬದ ಸಂದೇಶ

ಸಂಗಾತಿ ಬೇರೆ ದೇಶದಲ್ಲಿದ್ದರೆ ಹುಟ್ಟುಹಬ್ಬದ ಹಿಂದಿನ ರಾತ್ರಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹನ್ನೆರಡು ಗಂಟೆ ಯಾರ ಗಡಿಯಾರದಲ್ಲಿ? ನನ್ನ ಅಭಿಪ್ರಾಯದಲ್ಲಿ ಅದು ಹುಟ್ಟುಹಬ್ಬ ಇರುವವರ ಗಡಿಯಾರದ್ದೇ ಆಗಬೇಕು. ನಿಮ್ಮ ನಡುರಾತ್ರಿಗೆ ಕಳಿಸಿದ ಶುಭಾಶಯ ಅವರನ್ನು ಹಿಂದಿನ ಸಂಜೆ ಕೆಲಸದ ಗಡಿಬಿಡಿಯಲ್ಲೇ ತಲುಪಿಬಿಡಬಹುದು.

ಒಂದು ಉದಾಹರಣೆ ನೋಡೋಣ. ಅವಳ ಹುಟ್ಟುಹಬ್ಬ 14ನೇ ತಾರೀಖು, ಅವಳ ಗಡಿಯಾರ ನಿಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅವಳಿಗೆ 13 ಮುಗಿದು 14 ಶುರುವಾಗುವ ಹೊತ್ತಿಗೆ ನಿಮ್ಮಲ್ಲಿ 14ರ ಬೆಳಗಿನ ಜಾವ 4:30. ಅವಳ ಗಡಿಯಾರ ಅಷ್ಟೇ ಮುಂದಿದ್ದರೆ ಲೆಕ್ಕ ತಿರುಗುತ್ತದೆ: ನಿಮ್ಮಲ್ಲಿ ಇನ್ನೂ 13ರ ಸಂಜೆ 7:30. ಎಷ್ಟೋ ಜನ ಗಂಟೆಯನ್ನು ಸರಿಯಾಗಿ ಕೂಡಿಸಿ, ತಾರೀಖಿನಲ್ಲಿ ಎಡವುತ್ತಾರೆ. ಫೋನಿನ ವಿಶ್ವ ಗಡಿಯಾರಕ್ಕೆ ಅವರ ಊರನ್ನು ಸೇರಿಸಿ, ಗಂಟೆಯ ಜೊತೆ ದಿನವನ್ನೂ ನೋಡಿ.

ಇನ್ನೊಂದು ಎಚ್ಚರಿಕೆ. ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಸರಿಸುತ್ತಾರೆ. ಯುರೋಪಿನ ಬಹುಪಾಲು ಕಡೆ ಇದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ನಡೆಯುತ್ತದೆ. ಹಾಗಾಗಿ ಇವತ್ತಿನ ವ್ಯತ್ಯಾಸ ಹಿಡಿದು ಮುಂದಿನ ತಿಂಗಳ ಲೆಕ್ಕ ಹಾಕಬೇಡಿ, ಆ ದಿನ ಎಷ್ಟಿರುತ್ತದೆ ಎಂದು ನೋಡಿ.

ಈಗ ಎಣಿಕೆ. ಹತ್ತು, ಒಂಬತ್ತು, ಎಂಟು ಎಂದು ಸೆಕೆಂಡಿಗೊಂದು ಸಂದೇಶ ಕಳಿಸುವ ಆಸೆ ಬೇಡ. ನೆಟ್‌ವರ್ಕ್ ಸ್ವಲ್ಪ ತಡವರಿಸಿದರೂ ಹತ್ತೂ ಒಟ್ಟಿಗೆ ಬಂದು ಬೀಳುತ್ತವೆ, ಎಣಿಕೆಯ ಸೊಗಸೇ ಹೋಗುತ್ತದೆ. ಮೊದಲೇ ರೆಕಾರ್ಡ್ ಮಾಡಿದ ದನಿಯಲ್ಲೂ ಎಣಿಸಬೇಡಿ: ಅವರು ಅದನ್ನು ಯಾವಾಗ ಒತ್ತುತ್ತಾರೋ ಆಗ ಎಣಿಕೆ ಶುರು, ಗಡಿಯಾರಕ್ಕೂ ಅದಕ್ಕೂ ತಾಳ ಕೂಡುವುದಿಲ್ಲ. ಸೆಕೆಂಡುಗಳ ಎಣಿಕೆ ಬೇಕೇ ಬೇಕೆಂದರೆ ಹತ್ತು ನಿಮಿಷ ಮೊದಲೇ ಕರೆ ಮಾಡಿ ಮಾತಾಡುತ್ತಿದ್ದು, ಅವರ ಗಡಿಯಾರ ನೋಡಿ ಅವರಿಂದಲೇ ಎಣಿಸಿಸಿ.

ಬರಹದಲ್ಲಾದರೆ ನಿಮಿಷಗಳ ಎಣಿಕೆ ಸಾಕು, ನಾಲ್ಕು ಸಂದೇಶ ಧಾರಾಳ. ಅವರ ಸಮಯ 11:40ಕ್ಕೆ: “ಮಲಗಬೇಡ, ಇನ್ನಿಪ್ಪತ್ತು ನಿಮಿಷ ನನಗೆ ಕೊಡು.” 11:55ಕ್ಕೆ ಇಬ್ಬರಿಗಷ್ಟೇ ಅರ್ಥವಾಗುವ ಒಂದು ಫೋಟೊ, ವಿವರಣೆ ಇಲ್ಲದೆ. 11:59ಕ್ಕೆ: “ಇನ್ನೊಂದೇ ನಿಮಿಷ.” ಮೊದಲಿನವು ಚಿಕ್ಕದಾಗಿದ್ದಷ್ಟೂ ಕೊನೆಯದಕ್ಕೆ ಕಾಯುವ ಮನಸ್ಸು ಬರುತ್ತದೆ.

ಹನ್ನೆರಡರ ಸಂದೇಶವನ್ನು ಎರಡು ಮೂರು ದಿನ ಮೊದಲೇ ಬರೆದಿಡಿ. ಅದರಲ್ಲಿ ಈ ವರ್ಷ ಅವರ ಬದುಕಿನಲ್ಲಿ ನಡೆದ ಒಂದು ಸಂಗತಿ ಇರಲಿ, ನೀವು ದೂರದಿಂದಲೇ ಕೇಳಿಸಿಕೊಂಡದ್ದು: “ಹುಟ್ಟುಹಬ್ಬದ ಶುಭಾಶಯ ಕಣೆ. ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ಬಂದ ದಿನ ಫೋನಿನಲ್ಲಿ ನಿನ್ನ ಮಾತು ನಿಲ್ಲಲೇ ಇಲ್ಲ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಮುಂದಿನ ಸಲ ಪಕ್ಕದ ಸೀಟು ನನ್ನದು.” “ನೀನಿಲ್ಲದೆ ಇರಲಾಗುತ್ತಿಲ್ಲ” ಎಂಬ ಅಳಲನ್ನು ಆ ರಾತ್ರಿ ಬರೆಯಬೇಡಿ. ಹುಟ್ಟುಹಬ್ಬದ ಮೊದಲ ನಿಮಿಷದಲ್ಲೇ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಪಾಲಿಗೆ ಬರುತ್ತದೆ.

ಬೆಳಗಿನ ಜಾವ ಏಳಲಾಗದಿದ್ದರೆ ಸಮಯ ನಿಗದಿ ಮಾಡಿಡಬಹುದು. ಟೆಲಿಗ್ರಾಂನಲ್ಲಿ ಸಂದೇಶ ಬರೆದು ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ Schedule Message ಎಂಬ ಆಯ್ಕೆ ಬರುತ್ತದೆ. ಅಲ್ಲಿ ತುಂಬಬೇಕಾದದ್ದು ನಿಮ್ಮ ಫೋನಿನ ಸಮಯ: ಮೇಲಿನ ಮೊದಲ ಉದಾಹರಣೆಯಲ್ಲಿ ನಾಲ್ಕೂ ಸಂದೇಶಕ್ಕೆ ತಾರೀಖು 14, ಸಮಯ 4:10, 4:25, 4:29, 4:30. ಗೂಗಲ್‌ನ ಮೆಸೇಜಸ್ ಆ್ಯಪ್‌ನಲ್ಲೂ ಈ ಸೌಲಭ್ಯ ಇದೆ, ಆದರೆ ಆ ಹೊತ್ತಿಗೆ ನಿಮ್ಮ ಫೋನ್ ಆನ್ ಆಗಿದ್ದು ನೆಟ್‌ವರ್ಕ್‌ನಲ್ಲಿರಲೇಬೇಕು. ಸಾಧ್ಯವಾದರೆ ಅಲಾರಂ ಇಟ್ಟು ಏಳಿ. ಅವರು ತಕ್ಷಣ ಉತ್ತರಿಸಿದಾಗ ನೀವು ನಿದ್ದೆಯಲ್ಲಿದ್ದರೆ, ಎಚ್ಚರವಿದ್ದು ಕಳಿಸಿದ್ದೆಂದು ನಂಬಿದವರಿಗೆ ಬೇಸರವಾಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೊದಲ ಸಂದೇಶಕ್ಕೆ ಒಂದೇ ಟಿಕ್ ನಿಂತಿದ್ದರೆ ಅದು ಅವರ ಫೋನ್ ತಲುಪಿಲ್ಲ. ಫೋನ್ ಆಫ್ ಆಗಿರಬಹುದು, ನೆಟ್ ಇಲ್ಲದಿರಬಹುದು. ಆಗ ಫೋಟೊ, “ಇನ್ನೊಂದೇ ನಿಮಿಷ” ಎರಡನ್ನೂ ಬಿಟ್ಟು ಕೊನೆಯ ಸಂದೇಶವನ್ನಷ್ಟೇ ಹನ್ನೆರಡಕ್ಕೆ ಕಳಿಸಿ. ಬೆಳಗ್ಗೆ ಎದ್ದು ನೋಡುವವರಿಗೆ ಮುಗಿದುಹೋದ ಎಣಿಕೆಯಿಂದ ಏನೂ ಸಿಗುವುದಿಲ್ಲ, 12:00 ಎಂಬ ಸಮಯದ ಪಕ್ಕದಲ್ಲಿ ನಿಮ್ಮ ಮಾತಿದ್ದರೆ ಸಾಕು.