ರ‍್ಯಾಮ್ ಬದಲಿಸಿದ ಮೇಲೆ ಸ್ಕ್ರೀನ್ ಬರುತ್ತಿಲ್ಲವೇ? ಹದಿನೈದು ನಿಮಿಷ ಕಾಯಿರಿ

ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ವಿಜಯಪುರದ ಫೋಟೊ ಸ್ಟುಡಿಯೊಗಳಲ್ಲಿ ವಿಡಿಯೊ ಎಡಿಟಿಂಗ್ ಕೆಲಸ ಏರುತ್ತದೆ, ಕಂಪ್ಯೂಟರಿಗೆ ರ‍್ಯಾಮ್ ಹೆಚ್ಚಿಸುವ ವಿಚಾರವೂ ಬರುತ್ತದೆ. ಹೊಸ ರ‍್ಯಾಮ್ ಹಾಕಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪಾಗಿಯೇ ಇರುತ್ತದೆ. 'ಅಣ್ಣಾರ, ರ‍್ಯಾಮ್ ಹಾಕಿದ ಮ್ಯಾಲೆ ಸ್ಕ್ರೀನೇ ಬರವಲ್ದು, ಬೋರ್ಡ್ ಹೋತೇನ್ರಿ?' ಎಂಬ ಫೋನ್ ರಿಪೇರಿ ಅಂಗಡಿಗೆ ಬರುವುದು ಆಗಲೇ. ಹೆಚ್ಚಿನ ಸಲ ಬೋರ್ಡಿಗೆ ಏನೂ ಆಗಿರುವುದಿಲ್ಲ. ಅದು ಹೊಸ ರ‍್ಯಾಮ್ ಜೊತೆ ಹೊಂದಿಕೊಳ್ಳುವ ಕೆಲಸದಲ್ಲಿರುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ.

ಈಗ ಸಾಮಾನ್ಯವಾಗಿ ಕಾಣುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ರೈಜನ್ 5 7600 ಪ್ರೊಸೆಸರ್, ಬಿ650 ಬೋರ್ಡ್, ಅದರಲ್ಲಿ 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್. ಪ್ಯಾಕೆಟ್ ಮೇಲೆ ವೇಗ 6000 ಎಂದಿದೆ, ಬಯೋಸ್‌ನಲ್ಲಿ ಆ ವೇಗವನ್ನು ಜಾರಿಗೆ ತರುವ `EXPO` ಸೆಟ್ಟಿಂಗ್ ಆನ್ ಇದೆ. ಮಾಲೀಕರು ಅದೇ ಕಂಪನಿಯ ಇನ್ನೆರಡು 16 ಜಿಬಿ ಸ್ಟಿಕ್ ತಂದು ಖಾಲಿ ಸ್ಲಾಟ್‌ಗಳಿಗೆ ಹಾಕಿದ್ದಾರೆ. ಒಟ್ಟು 64 ಜಿಬಿ ಆಗಬೇಕು.

ಅಷ್ಟು ಹೊತ್ತು ಏನು ನಡೆಯುತ್ತದೆ?

6000 ವೇಗವೆಂದರೆ ಒಂದು ತಂತಿಯ ಮೇಲೆ ಸೆಕೆಂಡಿಗೆ 600 ಕೋಟಿ ಬಿಟ್, ಅಂದರೆ ಒಂದು ಬಿಟ್‌ಗೆ ಸಿಗುವ ಸಮಯ ಒಂದು ನ್ಯಾನೊಸೆಕೆಂಡಿನ ಆರನೇ ಒಂದು ಭಾಗ. ಅಷ್ಟರಲ್ಲಿ ಬೋರ್ಡಿನ ತಾಮ್ರದ ಗೆರೆಯಲ್ಲಿ ಸಿಗ್ನಲ್ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಪ್ರೊಸೆಸರಿನಿಂದ ಸ್ಲಾಟ್‌ವರೆಗಿನ ದಾರಿ ಅದಕ್ಕಿಂತ ಉದ್ದ. ಗೆರೆಗಳ ಉದ್ದದಲ್ಲಿ, ಚಿಪ್‌ಗಳ ಗುಣದಲ್ಲಿ ತುಸು ವ್ಯತ್ಯಾಸವಾದರೂ ಒಂದು ಬಿಟ್ ಬೇಗ, ಇನ್ನೊಂದು ತಡವಾಗಿ ತಲುಪುತ್ತದೆ. ಹೀಗಾಗಿ ಪ್ರೊಸೆಸರ್ ಗೊತ್ತಿರುವ ಒಂದು ಮಾದರಿಯನ್ನು ರ‍್ಯಾಮ್‌ಗೆ ಬರೆದು ಮರಳಿ ಓದುತ್ತದೆ. ತಪ್ಪು ಬಂದರೆ ಕಾಯುವ ಸಮಯವನ್ನು, ವೋಲ್ಟೇಜಿನ ಮಟ್ಟವನ್ನು ಸ್ವಲ್ಪ ಸರಿಸಿ ಮತ್ತೆ ಓದುತ್ತದೆ. ಪ್ರತಿ ಗುಂಪಿನ ತಂತಿಗಳಿಗೂ ಇದೇ ಪರೀಕ್ಷೆ. ಸ್ಟಿಕ್ ಹೆಚ್ಚಾದಷ್ಟೂ, ಜಿಬಿ ಹೆಚ್ಚಾದಷ್ಟೂ ಕೆಲಸ ಬೆಳೆಯುತ್ತದೆ. ಎರಡು ಸ್ಟಿಕ್ ಇದ್ದರೆ ಒಂದೆರಡು ನಿಮಿಷದಲ್ಲಿ ಮುಗಿಯಬಹುದು. ನಾಲ್ಕು ಸ್ಟಿಕ್, ಮೇಲಾಗಿ ಹಳೆಯ ಬಯೋಸ್ ಇದ್ದರೆ ಹತ್ತು, ಹದಿನೈದು ನಿಮಿಷವೂ ಆದೀತು.

ಜನ ಎಡವುವುದು ಇಲ್ಲಿಯೇ. ಎರಡು ನಿಮಿಷ ನೋಡಿ, ಗಾಬರಿಯಾಗಿ, ಸ್ವಿಚ್ ಆಫ್ ಮಾಡುತ್ತಾರೆ. ಅಷ್ಟು ಹೊತ್ತು ಆದ ಕೆಲಸ ಉಳಿಯುವುದಿಲ್ಲ, ಮುಂದಿನ ಸಲ ಮೊದಲಿನಿಂದ ಶುರು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದರೂ ಅದೇ ಗತಿ. ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮಾಡುವ ಕ್ರಮ

ಹಳೆಯ ರ‍್ಯಾಮ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್‌ನ ಪುಟದಿಂದಲೇ ಫೈಲ್ ತೆಗೆದುಕೊಳ್ಳಬೇಕು. ಹೊಸ ರ‍್ಯಾಮ್ ಹಾಕಿ ಸ್ಕ್ರೀನ್ ಬಾರದೆ ಹೋದ ಮೇಲೆ ಇದನ್ನು ಮಾಡುವುದು ತ್ರಾಸು. 24 ಅಥವಾ 48 ಜಿಬಿಯ ಸ್ಟಿಕ್ ತರುವವರಿಗಂತೂ ಇದು ಬೇಕೇ ಬೇಕು, ಆ ಅಳತೆಯನ್ನು ಹಳೆಯ ಬಯೋಸ್ ಗುರುತಿಸುವುದಿಲ್ಲ. ಆಮೇಲೆ ಬಯೋಸ್‌ನಲ್ಲಿ `EXPO` ಆಫ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ, ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.

ಸ್ಲಾಟ್‌ನಲ್ಲಿ ದೂಳಿದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಸ್ಟಿಕ್ಕಿನ ಕೆಳಅಂಚಿನ ಕಚ್ಚು ಸ್ಲಾಟಿನ ಗೀಟಿಗೆ ಸರಿಯಾಗಿ ಕೂರುತ್ತದೆಯೇ ನೋಡಿ, ಎರಡೂ ತುದಿಗಳನ್ನು ಸಮನಾಗಿ ಒತ್ತಿ. ಅನೇಕ ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಆ ಕಡೆ 'ಟಕ್' ಎಂದರೂ ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಮೇಲೆದ್ದಿರಬಹುದು. ಬಾಗಿ, ಪಕ್ಕದಿಂದ ನೋಡಿ: ಬಂಗಾರದ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕಂಡರೆ ಸ್ಟಿಕ್ ಪೂರ್ತಿ ಕೂತಿಲ್ಲ.

ಈಗ ಆನ್ ಮಾಡಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಮುಟ್ಟದೆ ಬಿಡಿ. ಬೋರ್ಡಿನ ಮೇಲೆ `DRAM` ಎಂದು ಬರೆದಿರುವ ಲೈಟ್ ಹತ್ತಿಯೇ ಇರುತ್ತದೆ. ನಡುವೆ ತಾನಾಗಿಯೇ ಒಂದೆರಡು ಸಲ ಆಫ್ ಆಗಿ ಆನ್ ಆದರೂ ಅದು ತೊಂದರೆಯಲ್ಲ.

ಹದಿನೈದು ನಿಮಿಷ ಕಳೆದರೂ ಬಾರದಿದ್ದರೆ ಕರೆಂಟ್ ಕಿತ್ತು, `CLR_CMOS` ಎಂಬ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ ಹಿಡಿಯಿರಿ. ಹಳೆಯ ಸೆಟ್ಟಿಂಗ್ ಅಳಿಯುತ್ತದೆ, ಟ್ರೇನಿಂಗ್ ಮತ್ತೆ ಆಗುತ್ತದೆ. ಆಗಲೂ ಇಲ್ಲವೆಂದರೆ ಒಂದೇ ಸ್ಟಿಕ್ ಅನ್ನು `DIMM_A2` ಸ್ಲಾಟ್‌ನಲ್ಲಿ ಹಾಕಿ ನೋಡಿ. ಬಹುತೇಕ ಬೋರ್ಡ್‌ಗಳಲ್ಲಿ ಅದು ಪ್ರೊಸೆಸರಿನಿಂದ ಎರಡನೆಯದು. ಒಂದೊಂದೇ ಸ್ಟಿಕ್ ಬದಲಿಸಿ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ನಾಲ್ಕೂ ಒಂಟಿಯಾಗಿ ಬಂದು, ಒಟ್ಟಿಗೆ ಬಾರದಿದ್ದರೆ ದೋಷ ಸ್ಟಿಕ್‌ನದಲ್ಲ, ಜೋಡಣೆಯದು.

ಬೋರ್ಡ್ ಒಪ್ಪದಿರುವುದೇಕೆ?

ನಮ್ಮ ಉದಾಹರಣೆಯಲ್ಲಿ ಆಗಿದ್ದು ಅದೇ. ಎಎಂಡಿ ಈ ಪ್ರೊಸೆಸರಿಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600 ವೇಗವನ್ನಷ್ಟೇ ಅಧಿಕೃತವಾಗಿ ಹೇಳುತ್ತದೆ. ಪ್ಯಾಕೆಟ್ ಮೇಲಿನ 6000 ಎರಡು ಸ್ಟಿಕ್‌ಗಳ ಆ ಒಂದು ಕಿಟ್‌ಗೆ ಕೊಟ್ಟ ಮಾತು. ಪ್ರೊಸೆಸರಿನಿಂದ ಬರುವ ಒಂದೇ ದಾರಿಯ, ಅಂದರೆ ಒಂದೇ ಚಾನೆಲ್‌ನ ಮೇಲೆ ಎರಡು ಸ್ಟಿಕ್ ಕೂತಾಗ ಸಿಗ್ನಲ್ ಮೇಲಿನ ಹೊರೆ ಹೆಚ್ಚಿ, ತಪ್ಪಿಲ್ಲದೆ ಓದುವ ಕಿಂಡಿ ಕಿರಿದಾಗುತ್ತದೆ. ಒಂದೇ ಹೆಸರಿನ ಎರಡು ಕಿಟ್ ಕೊಂಡರೂ ಒಳಗಿನ ಚಿಪ್ ಬೇರೆ ತಯಾರಕರದ್ದಿರಬಹುದು. `EXPO` ಆನ್ ಇದ್ದು ನಾಲ್ಕಕ್ಕೂ 6000 ಕೇಳಿದಾಗ ಟ್ರೇನಿಂಗ್ ಸೋಲುತ್ತದೆ. ಸೆಟ್ಟಿಂಗ್ ಅಳಿಸಿದ ಮೇಲೆ 3600ಕ್ಕೆ ಇಳಿದು ಸ್ಕ್ರೀನ್ ಬರುತ್ತದೆ. 64 ಜಿಬಿ ಬೇಕೆನ್ನುವವರಿಗೆ ನಮ್ಮ ಸಲಹೆ: ಹಳೆಯ ಎರಡನ್ನು ಮಾರಿ, 32 ಜಿಬಿಯ ಎರಡರ ಒಂದೇ ಕಿಟ್ ತೆಗೆದುಕೊಳ್ಳಿ. ಬೋರ್ಡ್ ಕಂಪನಿಯು ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿ ಕೊಟ್ಟಿರುತ್ತದೆ. ಅದರಲ್ಲಿ ಕಿಟ್‌ನ ಪೂರ್ತಿ ಪಾರ್ಟ್ ನಂಬರ್ ಇದೆಯೇ, ಎಷ್ಟು ಸ್ಟಿಕ್‌ಗೆ ಪರೀಕ್ಷಿಸಿದ್ದಾರೆ ಎಂಬುದನ್ನು ನೋಡಿಯೇ ದುಡ್ಡು ಕೊಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೇಬಲ್ ಓದಲೇಬೇಕು. ಅದರಲ್ಲಿ `PC4-2400T-U` ಎಂದಿದ್ದರೆ ಮಾಮೂಲಿ ಡೆಸ್ಕ್‌ಟಾಪ್ ರ‍್ಯಾಮ್. ಆ `U` ಜಾಗದಲ್ಲಿ `R` ಇದ್ದರೆ ಅದು ಸರ್ವರ್‌ನದು. ಡಿಡಿಆರ್4ನಲ್ಲಿ ಅದು ಡೆಸ್ಕ್‌ಟಾಪ್ ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ, ಆದರೆ ಎಷ್ಟು ಕಾದರೂ ಸ್ಕ್ರೀನ್ ಬಾರದು. ಅಗ್ಗಕ್ಕೆ ಸಿಕ್ಕಿತೆಂದು ತಂದವರಿಗೆ ಈ ಅಕ್ಷರವೇ ಕಣ್ಣಿಗೆ ಬಿದ್ದಿರುವುದಿಲ್ಲ.

ವಿಂಡೋಸ್ ಬಂದ ಮೇಲೆ ಪವರ್‌ಶೆಲ್‌ನಲ್ಲಿ ಇದನ್ನು ಹಾಕಿ:

```
Get-CimInstance Win32_PhysicalMemory |
 Select DeviceLocator,PartNumber,ConfiguredClockSpeed
```

ಯಾವ ಸ್ಲಾಟ್‌ನಲ್ಲಿ ಯಾವ ಸ್ಟಿಕ್ ಇದೆ, ಈಗ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಕಾಣುತ್ತದೆ. ಇನ್ನು ಪ್ರತಿ ದಿನವೂ ಆನ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಬಯೋಸ್‌ನಲ್ಲಿ `Memory Context Restore` ಆಫ್ ಆಗಿರಬಹುದು. ಆನ್ ಮಾಡಿದರೆ ಹಿಂದಿನ ಟ್ರೇನಿಂಗ್ ಫಲಿತಾಂಶವನ್ನೇ ಬಳಸಿ ಬೇಗ ಏಳುತ್ತದೆ. ಆನ್ ಮಾಡಿದ ಮೇಲೆ ನೀಲಿ ಸ್ಕ್ರೀನ್ ಬರತೊಡಗಿದರೆ ಮತ್ತೆ ಆಫ್ ಮಾಡಿ, ರ‍್ಯಾಮ್ ವೇಗವನ್ನು ಒಂದು ಹಂತ ಇಳಿಸಿ, ರಾತ್ರಿ ಅಂಗಡಿ ಮುಚ್ಚುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಆ ವೇಗ ಎಡಿಟಿಂಗ್ ಕೆಲಸಕ್ಕೆ ಬೇಡ.