ಎರಡು ಅಂಕದ ಒಂದು ‘ಏಕೆ’ ಪ್ರಶ್ನೆಗೆ ರೂಬ್ರಿಕ್ ಕಟ್ಟಿದ ಬಗೆ

ಅಪಠಿತ ಗದ್ಯಭಾಗದ ಕೆಳಗೆ ‘ಯಾರು’, ‘ಯಾವಾಗ’, ‘ಎಲ್ಲಿ’ ಎಂದು ಕೇಳಿದರೆ ಅಂಕ ಹಾಕುವುದಕ್ಕೆ ತಕರಾರಿಲ್ಲ. ಉತ್ತರ ಇದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಎರಡು ಅಂಕದ ‘ಏಕೆ’ ಪ್ರಶ್ನೆ ಬಂದಾಗ ಮಾತ್ರ ಒಂದೇ ಉತ್ತರಕ್ಕೆ ಒಬ್ಬರು ಎರಡು, ಇನ್ನೊಬ್ಬರು ಒಂದು ಹಾಕುತ್ತಾರೆ. ಒಬ್ಬರೇ ಬೆಳಿಗ್ಗೆ ಒಂದು, ಸಂಜೆ ಎರಡು ಹಾಕುವುದೂ ಉಂಟು. ಅಂಥ ಒಂದೇ ಪ್ರಶ್ನೆಯನ್ನು ಹಿಡಿದು ನಾನೂ ನನ್ನ ಸಹೋದ್ಯೋಗಿ ಮೇಡಂ ಒಬ್ಬರೂ ರೂಬ್ರಿಕ್, ಅಂದರೆ ಎಂಥ ಉತ್ತರಕ್ಕೆ ಎಷ್ಟು ಅಂಕ ಎಂದು ಹೇಳುವ ಪಟ್ಟಿ, ಕಟ್ಟಿದ ಕ್ರಮ ಇಲ್ಲಿದೆ. ಒಂಬತ್ತನೇ ತರಗತಿಯ ಎರಡು ವಿಭಾಗ, ಒಟ್ಟು 92 ಉತ್ತರ ಪತ್ರಿಕೆ.

ಮಂಡ್ಯದ ಮಕ್ಕಳಿಗೆಂದು ನಾವೇ ಬರೆದ ಗದ್ಯದ ಮುಖ್ಯ ಭಾಗ ಇಷ್ಟು: “ಕನ್ನಂಬಾಡಿ ಕಟ್ಟೆಯ ನಾಲೆ ಬರುವ ಮೊದಲು ಮಂಡ್ಯದ ಸುತ್ತಮುತ್ತ ರಾಗಿ, ಹುರುಳಿಯಂಥ ಮಳೆಯಾಶ್ರಿತ ಬೆಳೆಗಳೇ ಹೆಚ್ಚಾಗಿದ್ದವು. ನಾಲೆ ಬಂದ ಮೇಲೆ ವರ್ಷದ ಹೆಚ್ಚು ಕಾಲ ಹೊಲಕ್ಕೆ ನೀರು ಸಿಗತೊಡಗಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಗಿ, ಬೆಳೆದ ಕಬ್ಬನ್ನು ಕೊಳ್ಳುವವರು ಹತ್ತಿರದಲ್ಲೇ ಸಿಕ್ಕರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲಗಳು ಒಂದೊಂದಾಗಿ ಕಬ್ಬಿನ ಗದ್ದೆಗಳಾದವು.” ಪ್ರಶ್ನೆ: ಮಂಡ್ಯದ ರೈತರು ರಾಗಿ ಬಿಟ್ಟು ಕಬ್ಬಿನ ಕಡೆಗೆ ಏಕೆ ತಿರುಗಿದರು?

ಜಿಲ್ಲೆಯ ವಾಕ್ಯವನ್ನು ಬೇಕೆಂದೇ ನಡುವೆ ಇಟ್ಟೆವು. ಅದು ನಿಜ, ಆದರೆ ಈ ಪ್ರಶ್ನೆಗೆ ಕಾರಣವಲ್ಲ. ಓದಿ ಆರಿಸಿಕೊಂಡವರು ಯಾರು, ಸಾಲುಗಳನ್ನು ಹಾಗೇ ಇಳಿಸಿದವರು ಯಾರು ಎಂದು ತಿಳಿಯುವುದಕ್ಕೆ ಇಂಥ ಒಂದು ವಾಕ್ಯ ಬೇಕೇ ಬೇಕು. ಇದಿಲ್ಲದಿದ್ದರೆ ನಕಲು ಮಾಡಿದ ಉತ್ತರಕ್ಕೂ ಅರ್ಥ ಮಾಡಿಕೊಂಡು ಬರೆದ ಉತ್ತರಕ್ಕೂ ವ್ಯತ್ಯಾಸ ತೋರಿಸುವ ಸಾಕ್ಷಿಯೇ ನಮ್ಮ ಕೈಯಲ್ಲಿ ಇರುವುದಿಲ್ಲ.

ಪರೀಕ್ಷೆಗೆ ಮೊದಲು ಒಂದು ವ್ಯಾಲ್ಯುಯೇಷನ್ ಸ್ಕೀಮ್ ಬರೆದಿದ್ದೆವು: ನೀರು ಸಿಕ್ಕಿತು ಎಂಬುದಕ್ಕೆ 1, ಕಾರ್ಖಾನೆಯಿಂದ ಕೊಳ್ಳುವವರು ಸಿಕ್ಕರು ಎಂಬುದಕ್ಕೆ 1, ಎರಡನ್ನೂ ‘ಆದ್ದರಿಂದ’ ಎಂದು ಜೋಡಿಸಿ ಬರೆದರೆ ಮಾತ್ರ ಪೂರ್ತಿ 2. ನೋಡುವುದಕ್ಕೆ ಸರಿಯಾಗಿಯೇ ಇತ್ತು. ಆದರೆ ಅದು ಮೇಷ್ಟ್ರ ತಲೆಯಲ್ಲಿರುವ ಉತ್ತರಕ್ಕೆ ಬರೆದ ಸ್ಕೀಮ್, ಮಕ್ಕಳು ಬರೆಯುವ ಉತ್ತರಕ್ಕಲ್ಲ. ಹಾಗಾಗಿ ಪತ್ರಿಕೆಗಳು ಕೈಗೆ ಬಂದ ಮೇಲೆ ಸ್ಕೀಮನ್ನು ಪಕ್ಕಕ್ಕಿಟ್ಟು ಬೇರೆ ಕಡೆಯಿಂದ ಶುರು ಮಾಡಿದೆವು.

ಎರಡೂ ವಿಭಾಗ ಬೆರೆಸಿ 30 ಪತ್ರಿಕೆ ತೆಗೆದು, ಹೆಸರಿರುವ ಮೂಲೆಯನ್ನು ಮಡಚಿ ಪಿನ್ ಹೊಡೆದು, ಈ ಒಂದು ಉತ್ತರವನ್ನಷ್ಟೇ ಓದಿ ಮೇಜಿನ ಮೇಲೆ ಮೂರು ಗುಂಪು ಮಾಡಿದೆವು: ಸರಿ ಇದೆ, ಅರ್ಧ ಇದೆ, ಇಲ್ಲ. ಅಂಕ ಹಾಕಲಿಲ್ಲ. ಆಮೇಲೆ ಪ್ರತಿ ಗುಂಪಿನ ಮೇಲೆ ಒಂದು ಚೀಟಿ ಇಟ್ಟು, ಈ ಗುಂಪಿನಲ್ಲಿರುವ ಉತ್ತರಗಳಲ್ಲಿ ಏನಿದೆ, ಏನಿಲ್ಲ ಎಂದು ಬರೆದೆವು. ರೂಬ್ರಿಕ್‌ನ ಮಾತು ಈ ಚೀಟಿಯಿಂದ ಬರಬೇಕು. ‘ಉತ್ತಮ’, ‘ಸಾಧಾರಣ’, ‘ತೃಪ್ತಿಕರ’ ಎಂಬ ಪದಗಳನ್ನು ಚೀಟಿಯಲ್ಲಿ ಬರೆಯಬಾರದು. ‘ತೃಪ್ತಿಕರ’ ಎಂದರೆ ಯಾರಿಗೆ ತೃಪ್ತಿ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಈ ಹಂತದಲ್ಲಿ ಒಂದು ಉತ್ತರ ನಮ್ಮನ್ನು ನಿಲ್ಲಿಸಿತು: “ನಾಲೇಲಿ ನೀರ್ ಬಂತು. ಫ್ಯಾಕ್ಟ್ರಿ ಆಯ್ತು. ಅದ್ಕೆ ರಾಗಿ ಬುಟ್ಟು ಕಬ್ ಆಕುದ್ರು.” ಅಕ್ಷರ ಕೆಟ್ಟದು, ಸಾಲು ವಾಲಿತ್ತು. ನಾನು ಇದನ್ನು ‘ಅರ್ಧ’ದ ಗುಂಪಿಗೆ ಹಾಕಿದ್ದೆ. ಮೇಡಂ ಗಟ್ಟಿಯಾಗಿ ಓದಿದ ಮೇಲೆ ಎರಡೂ ಕಾರಣ ಇರುವುದು ಕಿವಿಗೆ ಬಿತ್ತು. ಹಕಾರ ಬಿಟ್ಟು ಮನೆಯ ಮಾತಿನಲ್ಲಿ ಬರೆದ ಮಗು ಗದ್ಯವನ್ನು ಪೂರ್ತಿ ಅರ್ಥ ಮಾಡಿಕೊಂಡಿದೆ. ಕಾಗುಣಿತ, ಗ್ರಾಂಥಿಕ ರೂಪ, ಅಕ್ಷರ ಇವಕ್ಕೆ ಅಂಕ ಬೇಕಿದ್ದರೆ ಪ್ರಬಂಧದಲ್ಲೋ ಪತ್ರಲೇಖನದಲ್ಲೋ ಪ್ರತ್ಯೇಕವಾಗಿ ಇಡಬೇಕು. ಗ್ರಹಿಕೆಯ ಅಂಕದಿಂದ ಕಳೆಯಬಾರದು. ಅಂದಿನಿಂದ ಸಂದೇಹ ಬಂದ ಉತ್ತರವನ್ನು ಒಬ್ಬರು ಓದಿ ಇನ್ನೊಬ್ಬರು ಕೇಳುವ ರೂಢಿ ಮಾಡಿಕೊಂಡೆವು. ಕೇಳುವವರ ಕಣ್ಣಿಗೆ ಅಕ್ಷರ ಬೀಳುವುದಿಲ್ಲ.

ಚೀಟಿಗಳಿಂದ ಕರಡು ರೂಬ್ರಿಕ್ ಬರೆದು, ಅದೇ 30ಕ್ಕೆ ಇಬ್ಬರೂ ಬೇರೆ ಬೇರೆ ಕೂತು ಅಂಕ ಹಾಕಿದೆವು. ಅಂಕವನ್ನು ಪತ್ರಿಕೆಯ ಮೇಲೆ ಬರೆಯದೆ ಬೇರೆ ಹಾಳೆಯಲ್ಲಿ ಬರೆದೆವು. ಮೊದಲನೆಯವರ ಕೆಂಪು ಶಾಯಿ ಕಂಡರೆ ಎರಡನೆಯವರ ಕೈ ಅದರ ಹಿಂದೆಯೇ ಹೋಗುತ್ತದೆ. 30ರಲ್ಲಿ 21 ಕಡೆ ಒಂದೇ ಅಂಕ ಬಂತು, ಅಂದರೆ ನೂರಕ್ಕೆ 70. ಕೇಳುವುದಕ್ಕೆ ಪರವಾಗಿಲ್ಲ ಎನಿಸುತ್ತದೆ. ಆದರೆ 0, 1, 2 ಎಂಬ ಮೂರೇ ಆಯ್ಕೆ ಇರುವಾಗ ಓದದೆ ಹಾಕಿದರೂ ಕೆಲವು ಕಡೆ ಹೊಂದಿಕೆಯಾಗುತ್ತದೆ. ನಾವಿಬ್ಬರೂ ಎಷ್ಟೆಷ್ಟು ಸೊನ್ನೆ, ಒಂದು, ಎರಡು ಹಾಕಿದ್ದೆವೋ ಅದನ್ನಿಟ್ಟು ಲೆಕ್ಕ ಹಾಕಿದರೆ ಅಂಥ ಆಕಸ್ಮಿಕ ಹೊಂದಿಕೆಯೇ ನೂರಕ್ಕೆ 35ರಷ್ಟು. ಅದನ್ನು ಕಳೆದು ಉಳಿದ ಹೊಂದಿಕೆಯನ್ನು ಅಳೆಯುವುದಕ್ಕೆ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಇದೆ: (0.70 − 0.35) ÷ (1 − 0.35), ಸುಮಾರು 0.54. ಪೂರ್ಣ ಹೊಂದಿಕೆಗೆ 1, ಬರೀ ಆಕಸ್ಮಿಕಕ್ಕೆ 0. ನಮ್ಮದು ನಡುವೆಯೇ ನಿಂತಿತ್ತು.

ಈ ಅಂಕಿ ರೋಗವಿದೆ ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಅದಕ್ಕೆ ಹೊಂದದ 9 ಪತ್ರಿಕೆಗಳನ್ನೇ ಮುಂದಿಟ್ಟುಕೊಂಡು ಕೂರಬೇಕು.

ನಾಲ್ಕರಲ್ಲಿ ನಾನು 1, ಮೇಡಂ 2 ಹಾಕಿದ್ದರು. ನಾಲ್ಕೂ “ನೀರು ಸಿಕ್ಕಿತು, ಕಾರ್ಖಾನೆ ಶುರುವಾಯಿತು” ಎಂಬ ಮಾದರಿಯವು. ‘ಆದ್ದರಿಂದ’ ಇಲ್ಲ ಎಂದು ನಾನು ಒಂದು ಅಂಕ ಕಳೆದಿದ್ದೆ. ಮೇಡಂ ಕೇಳಿದ್ದು ಒಂದೇ ಮಾತು: “ಸಾರ್, ‘ಏಕೆ’ ಅಂತ ಪ್ರಶ್ನೆಯಲ್ಲೇ ಇದೆಯಲ್ಲ, ಮಗು ‘ಆದ್ದರಿಂದ’ ಅಂತ ಮತ್ತೆ ಯಾಕೆ ಬರೀಬೇಕು?” ಅವರ ಮಾತೇ ಸರಿ. ‘ಏಕೆ’ಗೆ ಉತ್ತರವಾಗಿ ಎರಡು ಕಾರಣ ಹೇಳಿದರೆ ಅವು ಕಾರಣ ಎಂದೇ ಹೇಳಿದಂತೆ. ನಮ್ಮ ಸ್ಕೀಮ್ ಗ್ರಹಿಕೆಯನ್ನು ಬಿಟ್ಟು ವಾಕ್ಯರಚನೆಯನ್ನು ಅಳೆಯುತ್ತಿತ್ತು. ಅದರಿಂದ ಕರಡಿಗೂ ಬಂದಿದ್ದ ಜೋಡಣೆಯ ಷರತ್ತನ್ನು ತೆಗೆದುಹಾಕಿದೆವು.

ಎರಡರಲ್ಲಿ ಇದು ತಿರುಗುಮುರುಗು, ನನ್ನದು 2, ಅವರದು 1. ಮಕ್ಕಳು ‘ನಾಲೆ ಬಂದ ಮೇಲೆ’ಯಿಂದ ‘ಜಿಲ್ಲೆಯಾಯಿತು’ವರೆಗೆ ಮೂರು ವಾಕ್ಯ ಹಾಗೇ ಇಳಿಸಿದ್ದರು. ಗದ್ಯದ ವಾಕ್ಯವನ್ನೇ ಬರೆಯುವುದು ತಪ್ಪಲ್ಲ, ಸರಿಯಾದ ವಾಕ್ಯವನ್ನು ಆರಿಸುವುದೂ ಗ್ರಹಿಕೆಯೇ. ಜಿಲ್ಲೆಯ ವಾಕ್ಯವೂ ಜೊತೆಗೆ ಬಂದರೆ ಮಗು ಆರಿಸಿಲ್ಲ ಎಂದಾಯಿತು. ಪೂರ್ತಿ ಸೊನ್ನೆ ಹಾಕುವುದು ಅನ್ಯಾಯ, ಏಕೆಂದರೆ ಗದ್ಯದ ಯಾವ ಜಾಗದಲ್ಲಿ ಉತ್ತರವಿದೆ ಎಂದು ಅದಕ್ಕೆ ಗೊತ್ತಾಗಿದೆ. ಹೆಚ್ಚೆಂದರೆ 1 ಎಂದು ತೀರ್ಮಾನಿಸಿದೆವು.

ಉಳಿದ ಮೂರು 0 ಮತ್ತು 1ರ ನಡುವಿನ ಜಗಳ: “ಅನುಕೂಲವಾಯಿತು”, “ಲಾಭ ಬಂತು”, “ಕಬ್ಬಿಗೆ ರೇಟು ಜಾಸ್ತಿ”. ಮೊದಲ ಎರಡರಲ್ಲಿ ಏನು ಬದಲಾಯಿತು ಎಂಬುದೇ ಇಲ್ಲ. ಮೂರನೆಯದು ಮನೆಯಲ್ಲಿ ಕೇಳಿದ ಮಾತು, ಗದ್ಯದಲ್ಲಿ ಬೆಲೆಯ ಸುದ್ದಿ ಇಲ್ಲ. ಮೂರಕ್ಕೂ 0. “ಮಾರೋಕೆ ದೂರ ಹೋಗ್ಬೇಕಾಗಿರಲಿಲ್ಲ” ಎಂದು ಬರೆದರೆ ಮಾತ್ರ ಕಾರ್ಖಾನೆಯ ಹೆಸರಿಲ್ಲದಿದ್ದರೂ 1, ಏಕೆಂದರೆ ಆ ವಿಚಾರ ಗದ್ಯದಿಂದಲೇ ಹುಟ್ಟುತ್ತದೆ.

ಕೊನೆಗೆ ನಿಂತ ರೂಬ್ರಿಕ್ ಇದು:

2 ಅಂಕ: ನೀರು ಸಿಕ್ಕಿದ್ದು, ಕಬ್ಬು ಕೊಳ್ಳುವವರು ಅಥವಾ ಕಾರ್ಖಾನೆ ಬಂದದ್ದು, ಎರಡೂ ಇವೆ. ಯಾವ ಮಾತಿನಲ್ಲಿದ್ದರೂ ಸರಿ, ಜೋಡಿಸಿರಬೇಕಿಲ್ಲ.
1 ಅಂಕ: ಎರಡರಲ್ಲಿ ಒಂದೇ ಇದೆ. ಅಥವಾ ಎರಡೂ ಇದ್ದು ಜಿಲ್ಲೆಯ ರಚನೆಯನ್ನೂ ಕಾರಣವೆಂದು ಸೇರಿಸಿದೆ.
0 ಅಂಕ: ಎರಡೂ ಇಲ್ಲ, ಅಥವಾ ‘ಅನುಕೂಲ’, ‘ಲಾಭ’ ಎಂಬಷ್ಟೇ ಇದೆ, ಅಥವಾ ಗದ್ಯದ ಹೊರಗಿನ ಕಾರಣ ಮಾತ್ರ ಇದೆ.

ಪ್ರತಿ ಅಂಕದ ಕೆಳಗೆ ಮಕ್ಕಳೇ ಬರೆದ ಎರಡೆರಡು ಉತ್ತರ ಅಂಟಿಸಿದೆವು. ಅವುಗಳಲ್ಲಿ ಒಂದು ಸ್ಪಷ್ಟವಾದದ್ದು, ಇನ್ನೊಂದು ಗಡಿಯಲ್ಲಿರುವುದು. ಗಡಿಯದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಸ್ಪಷ್ಟ ಉತ್ತರಕ್ಕೆ ಯಾರೂ ರೂಬ್ರಿಕ್ ತೆಗೆದು ನೋಡುವುದಿಲ್ಲ. ಅರ್ಧ ಅಂಕವನ್ನು ಬಿಟ್ಟೇಬಿಟ್ಟೆವು. ತೀರ್ಮಾನ ಮಾಡಲಾಗದ ಕಡೆಯೆಲ್ಲ ಒಂದೂವರೆ ಬರುತ್ತದೆ, ಆಗ ಗಡಿ ಎಲ್ಲಿದೆ ಎಂಬ ಚರ್ಚೆಯೇ ನಡೆಯುವುದಿಲ್ಲ.

ತಿದ್ದಿದ ರೂಬ್ರಿಕ್ಕನ್ನು ಅದೇ 30ರ ಮೇಲೆ ಪರೀಕ್ಷಿಸಬಾರದು, ಅವು ಚರ್ಚೆಯಾಗಿ ಬಾಯಿಪಾಠವಾಗಿರುತ್ತವೆ. ಹೊಸ 30 ತೆಗೆದು ಮತ್ತೆ ಬೇರೆ ಬೇರೆ ಕೂತು ಅಂಕ ಹಾಕಿದಾಗ 27 ಹೊಂದಿದವು, ಕಪ್ಪಾ ಸುಮಾರು 0.85. ಹೊಂದದ ಮೂರರಲ್ಲಿ ಒಂದು ಹೊಸ ಬಗೆಯದು: “ನಾಲೆ ನೀರು ಬಂತು, ಕಬ್ಬಿಗೆ ನೀರು ಕಮ್ಮಿ ಸಾಕು, ಫ್ಯಾಕ್ಟರಿ ಇತ್ತು.” ನೀರಿನ ಕಾರಣವನ್ನು ಮಗು ತಾನೇ ಅಳಿಸಿದೆ, ಕಾರ್ಖಾನೆಯ ಕಾರಣ ಉಳಿದಿದೆ, ಆದ್ದರಿಂದ 1. ಇಂಥದ್ದನ್ನು ಬರೆದಿಡಲು ರೂಬ್ರಿಕ್‌ನ ಹಿಂದೆ ಒಂದು ಹಾಳೆ ಸೇರಿಸಿದೆವು: ಉತ್ತರ, ಕೊಟ್ಟ ಅಂಕ, ಒಂದು ಸಾಲಿನ ಕಾರಣ. ಹೊಸ ತೀರ್ಮಾನ ಬರೆದ ದಿನವೇ, ಅಂಥದ್ದೇ ಉತ್ತರ ಹಿಂದೆ ಬಂದಿತ್ತೇ ಎಂದು ಮುಗಿಸಿದ ಪತ್ರಿಕೆಗಳನ್ನು ತಿರುವಬೇಕು.

ಉಳಿದ 32 ಪತ್ರಿಕೆಯನ್ನು ಇಬ್ಬರೂ ಹಂಚಿಕೊಂಡು, ಮೊದಲ 30ಕ್ಕೂ ಹೊಸದಾಗಿ ಅಂಕ ಹಾಕಿದೆವು. ಒಂದು ಪತ್ರಿಕೆಯ ಎಲ್ಲ ಪ್ರಶ್ನೆಗಳನ್ನು ಮುಗಿಸಿ ಮುಂದಿನದಕ್ಕೆ ಹೋಗಲಿಲ್ಲ, ಈ ಪ್ರಶ್ನೆಯೊಂದನ್ನೇ ಎಲ್ಲ ಪತ್ರಿಕೆಗಳಲ್ಲೂ ಮುಗಿಸಿದೆವು. ಮೊದಲ ಪ್ರಶ್ನೆಗೆ ಚೆನ್ನಾಗಿ ಬರೆದ ಮಗುವಿನ ಮೂರನೇ ಉತ್ತರವೂ ಚೆನ್ನಾಗಿ ಕಾಣುವ ತೊಂದರೆ ಇದರಿಂದ ಬಹಳ ಕಡಿಮೆಯಾಗುತ್ತದೆ. ಕೊನೆಯಲ್ಲಿ ನನ್ನ ಮೊದಲ ಐದು ಪತ್ರಿಕೆಗಳನ್ನು ಹಳೆಯ ಅಂಕ ನೋಡದೆ ಮತ್ತೆ ಓದುತ್ತೇನೆ. ಎರಡು ಕಡೆ ಬದಲಾದರೆ ಕೈ ಸಡಿಲವಾಗಿದೆ ಅಥವಾ ಬಿಗಿಯಾಗಿದೆ ಎಂದರ್ಥ, ಇಡೀ ಕಟ್ಟನ್ನು ಮತ್ತೆ ನೋಡಬೇಕು.

ರೂಬ್ರಿಕ್ ಸರಿಪಡಿಸಲಾಗದ ಒಂದು ದೋಷ ಈ ಪ್ರಶ್ನೆಯಲ್ಲೇ ಇದೆ. ಗದ್ಯವನ್ನು ಓದದ ಬೇರೆ ತರಗತಿಯ ಹತ್ತು ಮಕ್ಕಳಿಗೆ ಇದೇ ಪ್ರಶ್ನೆ ಕೇಳಿದಾಗ ಏಳು ಮಂದಿ “ನಾಲೆ ನೀರು ಬಂತಲ್ಲ” ಎಂದರು. ಮಂಡ್ಯದ ಮಗುವಿಗೆ ಅದು ಓದದೆಯೂ ಗೊತ್ತು. ಹಾಗಾಗಿ ಮೊದಲ ಅಂಕ ಅರ್ಧ ಓದಿಗೆ, ಅರ್ಧ ಊರಿಗೆ ಸೇರಿದ್ದು. ಈ ಪರೀಕ್ಷೆಯನ್ನು ನಾವು ಪತ್ರಿಕೆ ಕೊಟ್ಟ ಮೇಲೆ ಮಾಡಿದೆವು, ಮಾಡಬೇಕಾದದ್ದು ಮೊದಲು. ಮುಂದಿನ ಕಿರುಪರೀಕ್ಷೆಗೆ ಮಕ್ಕಳಿಗೆ ಪರಿಚಯವಿಲ್ಲದ ಬೆಳೆ, ಪರಿಚಯವಿಲ್ಲದ ಸೀಮೆಯ ಗದ್ಯ ಬರೆದಿದ್ದೇವೆ. ಅದರ ಪ್ರಶ್ನೆಗಳನ್ನು ಗದ್ಯವಿಲ್ಲದೆ ಹತ್ತು ಮಕ್ಕಳಿಗೆ ಕೇಳಿ ನೋಡಿ, ಇಬ್ಬರಿಗಿಂತ ಹೆಚ್ಚು ಮಂದಿ ಉತ್ತರಿಸಿದ ಒಂದು ಪ್ರಶ್ನೆಯನ್ನು ಆಗಲೇ ಕೈಬಿಟ್ಟೆವು.