ಸಿಜಿನ್ಯಾಟ್ ಹಿಂದಿನಿಂದಲೇ ಗೇಮ್ ಸರ್ವರ್ ನಡೆಸಿದ್ದು: ನನ್ನ ಅನುಭವ

ಒಂದೇ ಪಬ್ಲಿಕ್ ವಿಳಾಸವನ್ನು ಪ್ರೊವೈಡರ್ ಹಲವು ಮನೆಗಳಿಗೆ ಹಂಚುವ ಸಿಜಿನ್ಯಾಟ್ ಇರುವ ಲೈನಿನಲ್ಲಿ ಮನೆಯಿಂದ ಗೇಮ್ ಸರ್ವರ್ ನಡೆಸಲು ಆಗುವುದಿಲ್ಲ, ಸ್ಟ್ಯಾಟಿಕ್ ಐಪಿ ತಗೊಳ್ಳಿ, ಇಲ್ಲಾಂದ್ರೆ ಆಸೆ ಬಿಡಿ. ಕೇಳಿದವರೆಲ್ಲ ನನಗೆ ಹೇಳಿದ್ದು ಇದನ್ನೇ. "ಬಾಡಿಗೆ ಸರ್ವರ್, ಅಂದ್ರೆ ವಿಪಿಎಸ್ ಸುತ್ತಿ ಬಂದರೆ ಪಿಂಗ್ ಕೆಡುತ್ತೆ, ಯಾರೂ ಆಡಲ್ಲ" ಅಂತ ಒಬ್ಬರು ಪಂದ್ಯವನ್ನೇ ಕಟ್ಟಿದ್ದರು. ಈಗ ಅವರೇ ನನ್ನ ಸರ್ವರ್‌ಗೆ ವಾರಕ್ಕೆರಡು ಸಲ ಬಂದು ಆಡುತ್ತಾರೆ. ಹಾಗಾಗಿ ಇದನ್ನು ಬರೆದಿಡೋಣ ಅನ್ನಿಸಿತು.

ಪೋರ್ಟ್ ಫಾರ್ವರ್ಡಿಂಗ್ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಅದನ್ನು ವಿವರಿಸುವುದಿಲ್ಲ. ನನ್ನ ರೂಟರ್‌ನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಯುಡಿಪಿ 27015 ಫಾರ್ವರ್ಡ್ ಆಗಿತ್ತು, ಯುಪಿಎನ್‌ಪಿ ಪುಟ ಹಸಿರು ತೋರಿಸುತ್ತಿತ್ತು. ಆದರೆ ಹೊರಗಿನಿಂದ ಬಂದ ಸ್ನೇಹಿತರಿಗೆ ಬರೀ ಟೈಮ್‌ಔಟ್. ರೂಟರ್‌ನ ವ್ಯಾನ್ ಬದಿಯಲ್ಲೇ `tcpdump` ಹಾಕಿ ಕೂತೆ. ಒಂದು ಪ್ಯಾಕೆಟ್ಟೂ ಬರಲಿಲ್ಲ. ಅಲ್ಲಿಗೆ ಪತ್ತೆ ಮುಗಿಯಿತು. ಪ್ಯಾಕೆಟ್ ರೂಟರ್‌ವರೆಗೆ ಬಂದು ಬಿದ್ದಿದ್ದರೆ ತಪ್ಪು ನಮ್ಮದು. ಬರಲೇ ಇಲ್ಲ ಅಂದರೆ ತಡೆ ಅದಕ್ಕೂ ಮೇಲೆ ಇದೆ.

ವ್ಯಾನ್ ವಿಳಾಸ ನೋಡಿದರೆ 100.7x ಅಂತ ಶುರುವಾಗಿತ್ತು. 100.64.0.0 ರಿಂದ 100.127.255.255 ವರೆಗಿನ ವಿಳಾಸಗಳನ್ನು 2012ರಲ್ಲಿ ಆರ್‌ಎಫ್‌ಸಿ 6598 ಸಿಜಿನ್ಯಾಟ್ ಕೆಲಸಕ್ಕೆ ಅಂತಲೇ ತೆಗೆದಿಟ್ಟಿದೆ. ಕೆಲವು ಪ್ರೊವೈಡರ್‌ಗಳು 10 ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತಾರೆ. ಎರಡರ ಅರ್ಥವೂ ಒಂದೇ: ಹೊರಜಗತ್ತಿಗೆ ಕಾಣುವ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ ಯಾವ ಮನೆಯದ್ದು ಅಂತ ಪ್ರೊವೈಡರ್‌ನ ಪೆಟ್ಟಿಗೆಗೆ ಗೊತ್ತಿಲ್ಲ, ಅದನ್ನು ಬಿಸಾಡುತ್ತದೆ. ಯುಪಿಎನ್‌ಪಿ ಬಾಗಿಲು ತೆರೆಯುವುದು ನಮ್ಮ ರೂಟರ್‌ನಲ್ಲಿ ಮಾತ್ರ. ಡೈನಾಮಿಕ್ ಡಿಎನ್‌ಎಸ್ ಹಾಕಿದರೆ ಆ ಹಂಚಿದ ವಿಳಾಸಕ್ಕೆ ಒಂದು ಹೆಸರು ಸಿಗುತ್ತದೆ ಅಷ್ಟೇ.

ಪ್ರೊವೈಡರ್‌ಗೆ ಫೋನ್ ಮಾಡಿದೆ. ಸ್ಟ್ಯಾಟಿಕ್ ಐಪಿ ಬೇಕಾದರೆ ಬಿಸಿನೆಸ್ ಪ್ಲಾನ್‌ಗೆ ಹೋಗಿ ಅಂದರು. ತಿಂಗಳ ಬಿಲ್ ಹತ್ತಿರ ಹತ್ತಿರ ಮೂರು ಪಟ್ಟು ಆಗುತ್ತಿತ್ತು. "ಒಂದೇ ಒಂದು ಪೋರ್ಟ್ ಬಿಡಿ ಸಾಕು" ಅಂದೆ, ಆಗಲ್ಲ ಅಂದರು. ಸಿಜಿನ್ಯಾಟ್‌ನಲ್ಲಿ ಗ್ರಾಹಕರೇ ಪೋರ್ಟ್ ಕೇಳಿ ಪಡೆಯಲು ಪಿಸಿಪಿ ಅನ್ನುವ ಪ್ರೊಟೋಕಾಲ್ ಇದೆ, 2013ರ ಆರ್‌ಎಫ್‌ಸಿ 6888 ಅದನ್ನೇ ಶಿಫಾರಸು ಮಾಡುತ್ತದೆ. ನನ್ನ ಲೈನಿನಲ್ಲಿ ಅದಕ್ಕೆ ಉತ್ತರವೇ ಬರಲಿಲ್ಲ.

ಐಪಿವಿ6 ಯಾಕೆ ಬಳಸಲಿಲ್ಲ ಅಂತ ಕೇಳುತ್ತೀರಿ. ಬಳಸಿದೆ. ರೂಟರ್ ಫೈರ್‌ವಾಲ್‌ನಲ್ಲಿ ದಾರಿ ಬಿಟ್ಟ ತಕ್ಷಣ ಕೆಲಸ ಮಾಡಿತು, ಖರ್ಚೂ ಇಲ್ಲ. ಆದರೆ ಆಡಲು ಬರುವವರಲ್ಲಿ ಅರ್ಧ ಜನಕ್ಕೆ ಐಪಿವಿ6 ಇರಲಿಲ್ಲ. ನಾನು ಕೆಲಸ ಮಾಡುವ ಜಾಗದ ನೆಟ್‌ವರ್ಕ್‌ನಲ್ಲೂ ಇಲ್ಲ. ಎರಡೂ ಕಡೆ ಇದ್ದರೆ ಮುಂದಿನದ್ದನ್ನು ಓದಬೇಕಾಗಿಯೇ ಇಲ್ಲ.

ಉಳಿದ ದಾರಿ ಒಂದೇ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಆದ್ದರಿಂದ ಮನೆಯ ಯಂತ್ರವೇ ಪಬ್ಲಿಕ್ ಐಪಿ ಇರುವ ಒಂದು ವಿಪಿಎಸ್‌ಗೆ ವೈರ್‌ಗಾರ್ಡ್ ಟನಲ್ ಹಾಕಿ ಸದಾ ಹಿಡಿದುಕೊಂಡಿರಬೇಕು. ಆಟಗಾರರು ವಿಪಿಎಸ್‌ಗೆ ಬರುತ್ತಾರೆ, ಅದು ಪ್ಯಾಕೆಟ್‌ಗಳನ್ನು ಟನಲ್ ಒಳಗೆ ತಳ್ಳುತ್ತದೆ. ಅತಿ ಚಿಕ್ಕ ವಿಪಿಎಸ್ ಸಾಕು. ಬಾಡಿಗೆ ಸ್ಟ್ಯಾಟಿಕ್ ಐಪಿಗೆ ಕೇಳಿದ ಹೆಚ್ಚುವರಿ ಹಣದ ಕಾಲು ಭಾಗದಷ್ಟೂ ಇಲ್ಲ.

ಪಿಂಗ್ ವಿಷಯದಲ್ಲಿ ಅನುಮಾನ ಪಟ್ಟವರು ಅರ್ಧ ಸರಿ. ಮೊದಲ ತಿಂಗಳು ಎಲ್ಲಕ್ಕಿಂತ ಅಗ್ಗದ ವಿಪಿಎಸ್ ತಗೊಂಡು ನೋಡಿದೆ. ಅದು ಸಮುದ್ರದಾಚೆ ಇತ್ತು, ಪಿಂಗ್ 150 ಮಿಲಿಸೆಕೆಂಡ್ ಹತ್ತಿರ ಜಾಸ್ತಿಯಾಯಿತು. ಎಸ್‌ಎಸ್‌ಎಚ್‌ಗೆ ನಡೆಯುತ್ತದೆ, ಆಟಕ್ಕೆ ನಡೆಯುವುದಿಲ್ಲ. ಆಮೇಲೆ ನಾಲ್ಕೈದು ಡೇಟಾ ಸೆಂಟರ್‌ಗಳ ಟೆಸ್ಟ್ ವಿಳಾಸಗಳಿಗೆ ಮನೆಯಿಂದಲೇ ಪಿಂಗ್ ಮಾಡಿ, 7-8 ಮಿಲಿಸೆಕೆಂಡ್ ಬಂದ ಜಾಗದಲ್ಲಿ ತಗೊಂಡೆ. ಮ್ಯಾಪ್‌ನಲ್ಲಿ ಹತ್ತಿರ ಇರುವುದು ಬೇರೆ, ನೆಟ್‌ವರ್ಕ್‌ನಲ್ಲಿ ಹತ್ತಿರ ಇರುವುದು ಬೇರೆ. ಯಾವ ಡೇಟಾ ಸೆಂಟರ್ ಅಂತ ಹೇಳುವುದಿಲ್ಲ, ನಿಮ್ಮ ಲೈನಿಗೆ ನೀವೇ ಅಳೆಯಬೇಕು.

ವಿಪಿಎಸ್‌ನಲ್ಲಿ ಫಾರ್ವರ್ಡಿಂಗ್ ಇಷ್ಟೇ, 10.9.0.2 ಅನ್ನುವುದು ಟನಲ್ ಒಳಗೆ ಮನೆಯ ಯಂತ್ರದ ವಿಳಾಸ:

```
sysctl -w net.ipv4.ip_forward=1
iptables -t nat -A PREROUTING -i eth0 -p udp \
  --dport 27015 -j DNAT --to-destination 10.9.0.2
```

ಇದಕ್ಕೆ ಬಹಳ ಜನ ಒಂದು `MASQUERADE` ಸಾಲನ್ನೂ ಸೇರಿಸುತ್ತಾರೆ, ಆಗ ಕೆಲಸ ಸುಲಭ. ಆದರೆ ಎಲ್ಲ ಆಟಗಾರರೂ ವಿಪಿಎಸ್‌ನ ಟನಲ್ ವಿಳಾಸವಾದ 10.9.0.1 ರಿಂದ ಬಂದಂತೆ ಕಾಣುತ್ತಾರೆ. ಒಬ್ಬ ತಂಟೆಕೋರನ ಐಪಿ ಬ್ಯಾನ್ ಮಾಡಿದರೆ ಎಲ್ಲರೂ ಹೊರಗೆ. ಪ್ರೊವೈಡರ್ ನಮಗೆ ಮಾಡಿದ್ದನ್ನೇ ನಾವು ಆಟಗಾರರಿಗೆ ಮಾಡಿದಂತಾಯಿತು ಅಲ್ವಾ? ಅದಕ್ಕೇ ಅದನ್ನು ಬಿಟ್ಟು, ಉತ್ತರಗಳು ಟನಲ್‌ನಿಂದಲೇ ವಾಪಸ್ ಹೋಗುವಂತೆ ಮನೆಯ ಬದಿಯಲ್ಲಿ ಬೇರೆ ರೂಟಿಂಗ್ ಟೇಬಲ್ ಇಟ್ಟೆ:

```
[Interface]
Address = 10.9.0.2/24
PrivateKey = ...
MTU = 1380
Table = 51
PostUp = ip rule add from 10.9.0.2 table 51
PostDown = ip rule del from 10.9.0.2 table 51

[Peer]
PublicKey = ...
Endpoint = ...
AllowedIPs = 0.0.0.0/0
PersistentKeepalive = 25
```

ಇಲ್ಲೇ ನನ್ನ ಒಂದು ವಾರಾಂತ್ಯ ಪೂರ್ತಿ ಹೋಯಿತು. ಪರೀಕ್ಷೆಗೆ ಅಂತ ಫಾರ್ವರ್ಡ್ ಮಾಡಿದ ಎಸ್‌ಎಸ್‌ಎಚ್ ತಕ್ಷಣ ಓಡಿತು, ಗೇಮ್ ಮಾತ್ರ ಓಡಲಿಲ್ಲ. `tcpdump -ni wg0` ಹಾಕಿದರೆ ಆಟಗಾರರ ಪ್ಯಾಕೆಟ್ ಬರುತ್ತಿವೆ, ಉತ್ತರ ಕಾಣುವುದಿಲ್ಲ. ಮನೆಯ ಲ್ಯಾನ್ ಕಾರ್ಡ್ ಮೇಲೆ ನೋಡಿದರೆ ಉತ್ತರಗಳೆಲ್ಲ ಅಲ್ಲಿಂದ ಹೊರಗೆ ಹೋಗುತ್ತಿವೆ. ಟಿಸಿಪಿಯಲ್ಲಿ ಪ್ಯಾಕೆಟ್ ಯಾವ ವಿಳಾಸಕ್ಕೆ ಬಂತೋ ಅದೇ ವಿಳಾಸದಿಂದ ಉತ್ತರ ಹೋಗುತ್ತದೆ, ಹಾಗಾಗಿ ಮೇಲಿನ ರೂಲ್ ಅದಕ್ಕೆ ಅನ್ವಯಿಸುತ್ತದೆ. ಯುಡಿಪಿ ಸರ್ವರ್ 0.0.0.0 ಮೇಲೆ ಕೂತಿದ್ದರೆ, ಉತ್ತರ ಕಳಿಸುವಾಗ ಕರ್ನಲ್ ಮಾಮೂಲಿ ರೂಟ್ ನೋಡಿ ಲ್ಯಾನ್ ವಿಳಾಸವನ್ನು ಆರಿಸಿಕೊಳ್ಳುತ್ತದೆ. ಗೇಮ್ ಸರ್ವರ್‌ನ ಬೈಂಡ್ ವಿಳಾಸವನ್ನು 10.9.0.2 ಅಂತ ಬದಲಾಯಿಸಿದೆ, ಆಟ ಶುರುವಾಯಿತು. ಅದಕ್ಕೆ ಬೇರೆ ಯಾವ ಕಾನ್ಫಿಗರೇಶನ್ನೂ ಬೇಕಾಗಲಿಲ್ಲ.

`MTU`, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅದರ ಬಗ್ಗೆ ಒಂದು ಮಾತು. ವೈರ್‌ಗಾರ್ಡ್ ತಾನಾಗಿ 1420 ಇಟ್ಟುಕೊಳ್ಳುತ್ತದೆ. ನನ್ನದು ಪಿಪಿಪಿಒಇ ಲೈನ್, ಅದಕ್ಕೇ ಇಳಿಸಿ 1380 ಮಾಡಿದೆ. ಇದು ಕೆಟ್ಟಾಗ ಲಕ್ಷಣ ವಿಚಿತ್ರ. ಲಾಗಿನ್ ಆಗುತ್ತದೆ, ಚಿಕ್ಕ ಕಮಾಂಡ್‌ಗಳು ಓಡುತ್ತವೆ, ದೊಡ್ಡ ಫೋಲ್ಡರ್‌ನಲ್ಲಿ `ls` ಹೊಡೆದರೆ ಸೆಶನ್ ಹೆಪ್ಪುಗಟ್ಟುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಕಪ್ಪು ಪರದೆಯಲ್ಲೇ ನಿಂತುಬಿಡುತ್ತದೆ. ಇನ್ನೊಂದು ವಿಷಯ: ಎಸ್‌ಎಸ್‌ಎಚ್, ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್‌ಗಳನ್ನು ವಿಪಿಎಸ್‌ನಲ್ಲಿ ತೆರೆದಿಡಬೇಡಿ. ಲ್ಯಾಪ್‌ಟಾಪನ್ನು 10.9.0.3 ಅಂತ ಇನ್ನೊಂದು ಪೀರ್ ಮಾಡಿಕೊಂಡರೆ ಸಾಕು. ನಾನು ಪರೀಕ್ಷೆ ಮುಗಿದ ದಿನವೇ ಮುಚ್ಚಿದೆ.

ಸುಮ್ನೆ ಕುತೂಹಲಕ್ಕೆ `PersistentKeepalive` ಏರಿಸುತ್ತಾ ಹೋದೆ. 25 ಸೆಕೆಂಡ್‌ನಲ್ಲಿ ಗಟ್ಟಿ. ಒಂದು ನಿಮಿಷ ದಾಟಿಸಿದಾಗ, ಯಾರೂ ಆಡದ ಹೊತ್ತಿನಲ್ಲಿ ವಿಪಿಎಸ್‌ನಲ್ಲಿ `wg show` ತೋರಿಸುವ ಎಂಡ್‌ಪಾಯಿಂಟ್ ಪೋರ್ಟ್ ಪದೇ ಪದೇ ಬದಲಾಗತೊಡಗಿತು. ಅಂದರೆ ಪ್ರೊವೈಡರ್‌ನ ಪೆಟ್ಟಿಗೆ ನನ್ನ ಮ್ಯಾಪಿಂಗನ್ನು ಅಳಿಸುತ್ತಿತ್ತು. ಹಾಗೆ ಅಳಿಸಿದ ಮೇಲೆ ಮುಂದಿನ ಕೀಪ್‌ಅಲೈವ್ ಬರುವವರೆಗೂ ಹೊರಗಿನವರಿಗೆ ಸರ್ವರ್ ಸತ್ತಂತೆಯೇ. ಯುಡಿಪಿ ಮ್ಯಾಪಿಂಗನ್ನು ಎರಡು ನಿಮಿಷಕ್ಕಿಂತ ಮುಂಚೆ ಅಳಿಸಬಾರದು ಅಂತ ಆರ್‌ಎಫ್‌ಸಿ 4787 ಹೇಳುತ್ತದೆ, ಆದರೆ ಅವರ ಕಷ್ಟವೂ ಅರ್ಥವಾಗುತ್ತದೆ. ಒಂದು ವಿಳಾಸಕ್ಕೆ ಇರುವುದು ಸುಮಾರು 64 ಸಾವಿರ ಪೋರ್ಟ್. 64 ಮನೆಗೆ ಹಂಚಿದರೆ ತಲಾ ಒಂದು ಸಾವಿರ. ಬೇಗ ಬೇಗ ವಾಪಸ್ ಕಿತ್ತುಕೊಳ್ಳದೆ ಅವರಿಗೆ ಬೇರೆ ದಾರಿಯಿಲ್ಲ. ಆ ಹಂಚಿದ ವಿಳಾಸವೇ ಬದಲಾದ ದಿನ ನನ್ನ ಟನಲ್ ಬೀಳದಂತೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ವಿಡಿಯೋ ಕಾಲ್‌ಗೆ ಇದರಿಂದ ಲಾಭ ಆಗುತ್ತದೆ ಅಂತ ನಾನು ಎಣಿಸಿರಲಿಲ್ಲ. ಹತ್ತು ಜನರ ಮೀಟಿಂಗ್ ಮೊದಲಿನಿಂದಲೂ ಚೆನ್ನಾಗಿಯೇ ನಡೆಯುತ್ತಿತ್ತು, ಯಾಕಂದರೆ ಅದು ಮಧ್ಯದ ಸರ್ವರ್ ಮೂಲಕ ಹೋಗುತ್ತದೆ. ತೊಂದರೆ ಇದ್ದದ್ದು ನಾನೇ ಹೋಸ್ಟ್ ಮಾಡಿಕೊಂಡಿದ್ದ ಕಾಲ್ ಆ್ಯಪ್‌ನಲ್ಲಿ, ಅದರಲ್ಲಿ ಇಬ್ಬರೇ ನೇರವಾಗಿ ಮಾತಾಡುವಾಗ. ತಮಾಷೆ ಅಂದರೆ ಬೇರೆ ಪ್ರೊವೈಡರ್‌ನ ಗೆಳೆಯನಿಗೆ ಕಾಲ್ ಹೋಗುತ್ತಿತ್ತು, ನನ್ನದೇ ಪ್ರೊವೈಡರ್ ಇರುವ ಪಕ್ಕದ ಬೀದಿಯವನಿಗೆ ಹೋಗುತ್ತಿರಲಿಲ್ಲ. ಇಬ್ಬರೂ ಒಂದೇ ಸಿಜಿನ್ಯಾಟ್ ಹಿಂದೆ ಇದ್ದೆವು. ನಾನು ಅವನ ಹೊರವಿಳಾಸಕ್ಕೆ ಕಳಿಸಿದ ಪ್ಯಾಕೆಟನ್ನು ಆ ಪೆಟ್ಟಿಗೆ ತಿರುಗಿಸಿ ಒಳಗೆ ಬಿಡಬೇಕು, ಅದಕ್ಕೆ ಹೇರ್‌ಪಿನ್ ಅನ್ನುತ್ತಾರೆ. ಅದು ಬಿಡುತ್ತಿರಲಿಲ್ಲ. ಒಂದೇ ಪೋರ್ಟ್‌ನಿಂದ ಎರಡು ಸ್ಟನ್ ಸರ್ವರ್‌ಗಳನ್ನು ಕೇಳಿ ನೋಡಿದೆ, ಎರಡೂ ನನ್ನ ಹೊರಪೋರ್ಟ್ ಒಂದೇ ಅಂತ ಹೇಳಿದವು. ಅವು ಬೇರೆ ಬೇರೆ ಅಂದಿದ್ದರೆ ಅದು ಸಿಮ್ಮೆಟ್ರಿಕ್ ನ್ಯಾಟ್. ಎರಡೂ ತುದಿಯಲ್ಲಿ ಅಂಥದ್ದೇ ಇದ್ದರೆ ಇಬ್ಬರ ನಡುವೆ ನೇರ ದಾರಿ ತೆರೆಯುವ ಹೋಲ್ ಪಂಚಿಂಗ್ ಆಗುವುದೇ ಇಲ್ಲ ಅಂದುಕೊಳ್ಳಿ. ಎರಡಕ್ಕೂ ಮದ್ದು ಒಂದೇ, ಮಧ್ಯೆ ನಿಂತು ಕಾಲ್ ದಾಟಿಸುವ ಟರ್ನ್ ರಿಲೇ. ಅದೇ ವಿಪಿಎಸ್‌ನಲ್ಲಿ `coturn` ಹಾಕಿದೆ. `chrome://webrtc-internals` ನಲ್ಲಿ ಆಯ್ಕೆಯಾದ ಜೋಡಿಯ ವಿಧ `relay` ಅಂತ ಬಂದರೆ ಕಾಲ್ ರಿಲೇ ಮೂಲಕ ಓಡುತ್ತಿದೆ ಅಂತ ಅರ್ಥ. ಪಕ್ಕದ ಬೀದಿಯವನ ಮುಖ ಕಾಣಿಸಿತು.

ಕೊನೆಗೆ ಗೇಮ್ ಕನ್ಸೋಲನ್ನೂ ಟನಲ್‌ಗೆ ಎಳೆದೆ. ಅದರ ಗೇಟ್‌ವೇ ನನ್ನ ಲಿನಕ್ಸ್ ಯಂತ್ರ, ಕನ್ಸೋಲ್‌ನ ವಿಳಾಸಕ್ಕೂ ಟೇಬಲ್ 51ರ ರೂಲ್, ವಿಪಿಎಸ್‌ನ `AllowedIPs` ಸಾಲಿನಲ್ಲಿ ಅದರ ಐಪಿ. ಇಲ್ಲಿ ಮಾತ್ರ ವಿಪಿಎಸ್‌ನಿಂದ ಹೊರಗೆ ಹೋಗುವಾಗ ಮಾಸ್ಕರೇಡ್ ಬೇಕೇ ಬೇಕು, ಒಳಗೆ ಬರುವುದಕ್ಕೆ ಗೇಮ್ ಕೇಳುವ ಪೋರ್ಟ್ ಅಷ್ಟೇ. ನ್ಯಾಟ್ ಟೈಪ್ ಸ್ಟ್ರಿಕ್ಟ್ ಇದ್ದದ್ದು ಓಪನ್ ಆಯಿತು, ಪಾರ್ಟಿಯಲ್ಲಿ ವಾಯ್ಸ್ ಚಾಟ್ ಕೇಳಿಸತೊಡಗಿತು. ಆದರೆ ಅಪ್‌ಡೇಟ್ ಡೌನ್‌ಲೋಡ್‌ಗಳು ಕೂಡ ಟನಲ್‌ನಲ್ಲೇ ಹರಿದು ವಿಪಿಎಸ್‌ನ ತಿಂಗಳ ಡೇಟಾದಲ್ಲಿ ಮುಕ್ಕಾಲು ಪಾಲನ್ನು ಒಂದೇ ವಾರದಲ್ಲಿ ನುಂಗಿದವು. ವಿಡಿಯೋ ಸ್ಟ್ರೀಮಿಂಗ್ ಆ್ಯಪ್ ಒಂದು ಡೇಟಾ ಸೆಂಟರ್ ವಿಳಾಸ ನೋಡಿ ತೆರೆಯಲೇ ಇಲ್ಲ. ಈಗ ಕನ್ಸೋಲ್‌ನ ಯುಡಿಪಿ ಮಾತ್ರ ಟನಲ್‌ಗೆ ಹೋಗುತ್ತದೆ, ಟಿಸಿಪಿ ಎಲ್ಲ ಮಾಮೂಲಿ ಲೈನಿನಲ್ಲಿ:

```
ip rule add from 192.168.1.50 ipproto udp table 51
```